ಗೌಳಿಯ ಹಾಲು: ಹಸಿಯಾಗಿ ಫ್ರಿಜ್ಜಿಗಾ, ಒಂದು ಉಕ್ಕಿಗಾ, ಚೆನ್ನಾಗಿ ಕುದಿಸಿಯಾ?

ಕಲಬುರಗಿಯ ಜೇವರ್ಗಿ ರಸ್ತೆಯ ಕಡೆ ಇರುವ ನಮ್ಮ ಓಣಿಗೆ ಬೆಳಿಗ್ಗೆ ಏಳಕ್ಕೆ ಗೌಳಿಯ ಬೈಕ್ ಬರುತ್ತದೆ. ಎರಡೂ ಕಡೆ ಕ್ಯಾನ್, ಮೇಲೆ ಒಂದು ಲೀಟರಿನ ಅಳತೆ. ಒಂದೇ ಕ್ಯಾನಿನ ಎಮ್ಮೆ ಹಾಲು ನಾಲ್ಕು ಮನೆಗೆ ಹೋಗುತ್ತದೆ, ನಾಲ್ಕು ಮನೆಯಲ್ಲೂ ನಾಲ್ಕು ರೀತಿ. ಎದುರುಮನೆಯವರು ಹಸಿ ಹಾಲನ್ನೇ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಇಡುತ್ತಾರೆ, ಬೇಕಾದಾಗ ಬೇಕಾದಷ್ಟು ಕಾಯಿಸುತ್ತಾರೆ. ಪಕ್ಕದ ಮನೆಯಲ್ಲಿ ಒಂದು ಉಕ್ಕು ಬಂದ ಕೂಡಲೇ ಗ್ಯಾಸ್ ಆಫ್. ಮೇಲಿನ ಮನೆಯ ಅಜ್ಜಿಯವರದು ಸೀಟಿ ಹೊಡೆಯುವ ಹಾಲಿನ ಕುಕ್ಕರ್. ನಾನು ಬಂದ ತಕ್ಷಣ ಉಕ್ಕಿಸಿ, ಆಮೇಲೂ ಎರಡು ಮೂರು ನಿಮಿಷ ಕುದಿಸಿ, ನೀರಿನಲ್ಲಿ ಇಟ್ಟು ಆರಿಸಿ, ಆಮೇಲೆ ಫ್ರಿಜ್ಜಿಗೆ ಇಡುತ್ತೇನೆ.

ಮದುವೆಗೆ ಮುಂಚೆ ಎರಡು ವರ್ಷ ಹಾಲು ಪರೀಕ್ಷೆ ಮಾಡುವ ಕಡೆ ಕೆಲಸ ಮಾಡಿದವಳು ನಾನು. ಹೀಗಾಗಿ ಓಣಿಯಲ್ಲಿ ಹಾಲು ಒಡೆದರೆ ಪಂಚಾಯಿತಿ ನನ್ನ ಬಾಗಿಲಿಗೇ ಬರುತ್ತದೆ. ಈ ನಾಲ್ಕು ರೀತಿಗಳಲ್ಲಿ ಯಾವುದು ಎಷ್ಟು ಸರಿ ಅಂತ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಹೇಳುತ್ತೇನೆ.

ಹಾಲು ಬಾಗಿಲಿಗೆ ಬರುವಾಗ ಅದರ ವಯಸ್ಸೆಷ್ಟು?

ಮೊದಲು ಇದನ್ನು ಕೇಳಬೇಕು. ನಾನು ಗೌಳಿಗೆ ಒಮ್ಮೆ ನೇರವಾಗಿ ಕೇಳಿದೆ, ಎಷ್ಟೊತ್ತಿಗೆ ಹಿಂಡಿದ್ದು ಅಂತ. "ನಾಲ್ಕೂವರಿಗಿ ಹಿಂಡಲಾಕ ಕೂಡ್ತೀವ್ರಿ ಅಕ್ಕಾರ, ಐದೂವರಿಗಿ ಗಾಡಿ ಬಿಡ್ತೀನಿ" ಅಂದ. ಅಂದರೆ ನನ್ನ ಪಾತ್ರೆಗೆ ಬೀಳುವಾಗ ಹಾಲಿಗೆ ಎರಡೂವರೆ ತಾಸು. ಎಮ್ಮೆಯ ಮೈಯಿಂದ ಬರುವಾಗ ಹಾಲು ಸುಮಾರು 38 ಡಿಗ್ರಿ ಇರುತ್ತದೆ. ಚಳಿಗಾಲದಲ್ಲಿ ದಾರಿಯಲ್ಲೇ ಸ್ವಲ್ಪ ಆರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬೆಳಗಿನ ಗಾಳಿಯೂ ಬೆಚ್ಚಗೇ, ಕ್ಯಾನ್ ಆರುವುದೇ ಇಲ್ಲ.

ಕರೆದ ಹಾಲಿನಲ್ಲಿ ಕೆಚ್ಚಲಿನಿಂದ, ಕೈಯಿಂದ, ಕ್ಯಾನಿನಿಂದ, ಅಳತೆಯಿಂದ ಸ್ವಲ್ಪ ಬ್ಯಾಕ್ಟೀರಿಯಾ ಸೇರಿಯೇ ಸೇರುತ್ತದೆ. ಎಷ್ಟು ಸ್ವಚ್ಛವಾಗಿ ಕರೆದರೂ ಸೊನ್ನೆ ಆಗುವುದಿಲ್ಲ. ಮೊದಲ ಒಂದೆರಡು ತಾಸು ಹಾಲಿನಲ್ಲೇ ಇರುವ ಕೆಲವು ಅಂಶಗಳು ಅವನ್ನು ತಡೆಯುತ್ತವೆ. ಬಿಸಿ ಜಾಸ್ತಿ ಇದ್ದಷ್ಟೂ ಆ ತಡೆ ಬೇಗ ಮುಗಿಯುತ್ತದೆ. ಆಮೇಲೆ ಮೈಬಿಸಿಯ ಹಾಲಿನಲ್ಲಿ ಅವು ಸುಮಾರು 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗಬಲ್ಲವು. ಒಂದು ತಾಸಿಗೆ ಎಂಟು ಪಟ್ಟು, ಎರಡು ತಾಸಿಗೆ 64, ಮೂರು ತಾಸಿಗೆ 512. ನಮ್ಮ ಮನೆ ಬಾಗಿಲಿಗೆ ಹಾಲು ಬರುವುದು ಈ ಏರಿಕೆ ಶುರುವಾಗುವ ಹೊತ್ತಿಗೇ. ಅದಕ್ಕೇ "ಚಹಾ ಕುಡಿದು, ಪೇಪರ್ ಓದಿ, ಆಮೇಲೆ ಕಾಯಿಸಿದರಾಯಿತು" ಅನ್ನುವುದು ಬೇಸಿಗೆಯಲ್ಲಿ ನಡೆಯುವ ಮಾತಲ್ಲ.

ಹಸಿಯಾಗಿ ಫ್ರಿಜ್ಜಿಗೆ ಇಡುವುದು

ಎದುರುಮನೆಯ ವೈನಿ ಹೇಳುವುದರಲ್ಲಿ ತರ್ಕವಿದೆ. ತಣ್ಣಗಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಹೇಗೂ ಕುಡಿಯುವ ಮುಂಚೆ ಕಾಯಿಸುತ್ತೇವಲ್ಲ? ಆದರೆ ಇದರಲ್ಲಿ ಎರಡು ಕಡೆ ತಪ್ಪುತ್ತದೆ.

ಮೊದಲನೆಯದು ಫ್ರಿಜ್ಜಿನ ಕೆಲಸದ್ದು. ಮನೆಯ ಫ್ರಿಜ್ ಇರುವುದು ತಣ್ಣಗಿದ್ದದ್ದನ್ನು ತಣ್ಣಗೇ ಇಡಲು. ಬೆಚ್ಚಗಿನ ಎರಡು ಲೀಟರ್ ಹಾಲನ್ನು ಬೇಗ ತಣಿಸುವ ತಾಕತ್ತು ಅದಕ್ಕಿಲ್ಲ. ಡಬ್ಬಿಯ ಗೋಡೆ ಮುಟ್ಟಿದರೆ ತಂಪೆನಿಸುತ್ತದೆ, ನಡುವಿನ ಹಾಲು ಮಾತ್ರ ತಾಸುಗಟ್ಟಲೆ ಬೆಚ್ಚಗೇ ಇರುತ್ತದೆ. ಡೈರಿಗಳಲ್ಲಿ ಬಲ್ಕ್ ಕೂಲರ್ ಅಂತ ಬೇರೆಯೇ ಯಂತ್ರ ಇರುವುದು ಇದಕ್ಕೇ. ಅದು ಹಾಲನ್ನು ತಿರುವುತ್ತಾ 4 ಡಿಗ್ರಿಗೆ ಇಳಿಸುತ್ತದೆ.

ಎರಡನೆಯದು ಜನ ಅಷ್ಟಾಗಿ ಯೋಚಿಸದ್ದು. ತಣ್ಣಗಾದ ಮೇಲೆ ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ ಸುಮ್ಮನಾಗುತ್ತದೆ ನಿಜ. ಆದರೆ ತಂಪಿನಲ್ಲೇ ಬೆಳೆಯುವ ಬೇರೆ ಜಾತಿಗಳಿವೆ. ಅವು ಹಾಲಿನ ಕೊಬ್ಬನ್ನೂ ಪ್ರೋಟೀನನ್ನೂ ಮುರಿಯುವ ಕಿಣ್ವ ಬಿಡುತ್ತವೆ. ಆಮೇಲೆ ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಕಿಣ್ವ ಪೂರ್ತಿ ಸಾಯುವುದಿಲ್ಲ. ಎರಡು ದಿನ ಹಸಿಯಾಗಿ ಇಟ್ಟು ಕಾಯಿಸಿದ ಹಾಲು ಸ್ವಲ್ಪ ಕಹಿ, ಸ್ವಲ್ಪ ಸಾಬೂನಿನಂತೆ ರುಚಿಸುವುದು ಇದರಿಂದ. ಇನ್ನು ಲಿಸ್ಟೀರಿಯಾ ಅನ್ನುವ ರೋಗಾಣು ಫ್ರಿಜ್ಜಿನ ತಂಪಿನಲ್ಲೂ ನಿಧಾನಕ್ಕೆ ಬೆಳೆಯುತ್ತದೆ. ಬಸುರಿಯರಿಗೆ ಅದು ತುಂಬಾ ಅಪಾಯ. ಹಸಿ ಹಾಲಿನ ಡಬ್ಬಿ ತುಳುಕಿ, ಕೆಳಗೆ ಇಟ್ಟ ಕೊತ್ತಂಬರಿ, ಸೌತೆಕಾಯಿ ಮೇಲೆ ಬಿದ್ದರೆ ಅವನ್ನು ಯಾರೂ ಕುದಿಸಿ ತಿನ್ನುವುದಿಲ್ಲ ಅಲ್ವಾ?

ಹೋದ ಏಪ್ರಿಲಿನಲ್ಲಿ ನಾನೇ ಈ ತಪ್ಪು ಮಾಡಿದೆ. ಸಂಜೆ ಮನೆಯಲ್ಲಿ ಕಾರ್ಯಕ್ರಮ, ಶ್ಯಾವಿಗೆ ಪಾಯಸಕ್ಕೆ ಅಂತ ಮೂರು ಲೀಟರ್ ಹಾಕಿಸಿದೆ. ದೊಡ್ಡ ಬೋಗುಣಿ ಬೇರೆ ಕೆಲಸಕ್ಕೆ ಹೋಗಿತ್ತು. ಒಂದೂವರೆ ಲೀಟರ್ ಎಂದಿನಂತೆ ಏಳೂಕಾಲಿಗೆ ಕುದಿಸಿದೆ. ಉಳಿದ ಒಂದೂವರೆಯನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಹಸಿಯಾಗಿಯೇ ಫ್ರಿಜ್ಜಿಗೆ ಇಟ್ಟೆ. ಮಧ್ಯಾಹ್ನ ಸುಮಾರು ಎರಡು ತಾಸು ಕರೆಂಟ್ ಇರಲಿಲ್ಲ. ಸಂಜೆ ಐದಕ್ಕೆ ಆ ಹಸಿ ಹಾಲನ್ನು ಒಲೆಗಿಟ್ಟರೆ ಕುದಿ ಬರುವ ಮುಂಚೆಯೇ ಅಂಚಿನಲ್ಲಿ ಕಾಳುಕಾಳು ಕಾಣಿಸಿತು, ಎರಡು ನಿಮಿಷದಲ್ಲಿ ಪೂರ್ತಿ ಒಡೆಯಿತು. ಬೆಳಿಗ್ಗೆ ಕುದಿಸಿದ್ದ ಹಾಲಿಗೂ ಅದೇ ಕರೆಂಟ್ ಹೋಗಿತ್ತು, ಅದೇ ಫ್ರಿಜ್ಜು. ಅದು ಒಡೆಯಲಿಲ್ಲ.

ಲೆಕ್ಕ ಹೀಗೆ. ಒಳ್ಳೆ ಹಾಲಿನ ಪಿಎಚ್ ಸುಮಾರು 6.7 ಇರುತ್ತದೆ. ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತಾ ಹೋದಂತೆ ಅದು ಇಳಿಯುತ್ತದೆ. ಒಲೆ ಮೇಲೆ ಇಡದೆಯೇ ಹಾಲು ಗಟ್ಟಿಯಾಗಬೇಕಾದರೆ 4.6ರವರೆಗೆ ಇಳಿಯಬೇಕು, ಅದು ಮೊಸರು. ಆದರೆ ಬಿಸಿ ಮಾಡಿದಾಗ ಒಡೆಯಲು ಅಷ್ಟೆಲ್ಲ ಬೇಡ. ಮೂಗಿಗೂ ನಾಲಿಗೆಗೂ ಸರಿಯಾಗಿ ಗೊತ್ತಾಗದಷ್ಟು ಸಣ್ಣ ಹುಳಿ ಸಾಕು. ನನ್ನ ಡಬ್ಬಿಯ ಹಾಲು ಬಾಗಿಲಿಗೆ ಬರುವಾಗಲೇ ಎರಡೂವರೆ ತಾಸಿನದು. ಫ್ರಿಜ್ಜಿನಲ್ಲಿ ಆರಲು ಇನ್ನೊಂದೆರಡು ಮೂರು ತಾಸು, ಮೇಲೆ ಕರೆಂಟ್ ಹೋದ ಹೊತ್ತು. ಬೆಳಿಗ್ಗೆ ಕುದಿಸಿದ ಹಾಲಿನಲ್ಲಿ ಹುಳಿ ಮಾಡುವವರೇ ಸತ್ತುಹೋಗಿದ್ದರು. ಹೀಗಾಗಿ ಎರಡು ತಾಸಿನ ಸೆಕೆ ಅದಕ್ಕೆ ಏನೂ ಮಾಡಲಿಲ್ಲ.

ಒಂದು ಉಕ್ಕಿಗೆ ಆಫ್ ಮಾಡುವುದು

ನಮ್ಮಲ್ಲಿ ಜಾಸ್ತಿ ಮನೆಗಳು ಮಾಡುವುದು ಇದನ್ನೇ. ಇದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಡೈರಿಯಲ್ಲಿ ಪಾಶ್ಚರೀಕರಣ ಅಂದರೆ 72 ಡಿಗ್ರಿಯಲ್ಲಿ 15 ಸೆಕೆಂಡ್, ಅಥವಾ 63 ಡಿಗ್ರಿಯಲ್ಲಿ 30 ನಿಮಿಷ. ಅಷ್ಟರಲ್ಲೇ ಕ್ಷಯ, ಬ್ರುಸೆಲ್ಲಾ, ಟೈಫಾಯ್ಡ್ ಜಾತಿಯ ರೋಗಾಣುಗಳು ಸಾಯುತ್ತವೆ. ಉಕ್ಕುವ ಹಾಲು ಅದಕ್ಕಿಂತ ಎಷ್ಟೋ ಬಿಸಿ. ಹಾಗಾದರೆ ಇನ್ನೂ ಕುದಿಸಬೇಕೇಕೆ?

ಡೈರಿಯ ಯಂತ್ರದಲ್ಲಿ ಪ್ರತಿ ಹನಿಗೂ 72 ಡಿಗ್ರಿ ಮುಟ್ಟುತ್ತದೆ. ನಮ್ಮ ಬೋಗುಣಿಯಲ್ಲಿ ಹಾಗಿಲ್ಲ. ಹಾಲು ಉಕ್ಕುವುದು ಹೇಗೆ ನೋಡಿ. ಬಿಸಿಯಾಗುತ್ತಾ ಮೇಲೆ ಪ್ರೋಟೀನ್ ಮತ್ತು ಕೊಬ್ಬಿನ ತೆಳು ಪದರ ಕಟ್ಟುತ್ತದೆ. ತಳದಲ್ಲಿ ಹುಟ್ಟಿದ ಹಬೆಯ ಗುಳ್ಳೆಗಳು ಆ ಪದರದ ಕೆಳಗೆ ಸಿಕ್ಕಿ, ನೊರೆಯಾಗಿ ಮೇಲೇರುತ್ತವೆ. ಅಂದರೆ ಉಕ್ಕು ಹೇಳುವುದು ತಳ ಕುದಿಯಿತು ಅನ್ನುವುದನ್ನು. ಇಡೀ ಪಾತ್ರೆ ಕುದಿಯಿತು ಅಂತ ಅದು ಹೇಳುವುದಿಲ್ಲ. ದೊಡ್ಡ ಉರಿ, ಎತ್ತರದ ಪಾತ್ರೆ, ಮೂರು ನಾಲ್ಕು ಲೀಟರ್ ಹಾಲು, ಸೌಟು ಆಡಿಸಿಲ್ಲ ಅಂದರೆ ಮೇಲಿನ ಹಾಲು, ಅಂಚಿಗೆ ಸಿಡಿದ ಹನಿ, ನೊರೆ ಇವೆಲ್ಲ ತಳಕ್ಕಿಂತ ಹಿಂದೆಯೇ ಇರುತ್ತವೆ. ಅದಲ್ಲದೆ ಉಕ್ಕು ಬರುವ ಹಾಗೆ ಕಂಡ ಕೂಡಲೇ ಓಡಿಹೋಗಿ ಆಫ್ ಮಾಡುವವರೇ ಜಾಸ್ತಿ. ಕಟ್ಟೆ ಒರೆಸುವ ಕೆಲಸ ಯಾರಿಗೆ ಬೇಕು?

ಅರ್ಧ ಲೀಟರ್ ಹಾಲು, ಸಣ್ಣ ಉರಿ, ಆಗಾಗ ತಿರುವಿದ್ದೀರಿ, ಕೂಡಲೇ ಚಹಾ ಮಾಡಿ ಮುಗಿಸುತ್ತೀರಿ ಅಂದರೆ ಒಂದು ಉಕ್ಕು ನಡೆಯುತ್ತದೆ. ಎರಡು ಲೀಟರ್ ಕಾಯಿಸಿ ನಾಳೆವರೆಗೆ ಇಡುತ್ತೀರಿ ಅಂದರೆ ನಡೆಯುವುದಿಲ್ಲ. ಸಾಯದೆ ಉಳಿದ ಸ್ವಲ್ಪ ಬ್ಯಾಕ್ಟೀರಿಯಾವೇ ನಾಳೆಗೆ ಬಹಳ ಆಗುತ್ತದೆ.

ಸೀಟಿ ಹೊಡೆಯುವ ಹಾಲಿನ ಕುಕ್ಕರ್

ಇದರ ಎರಡು ಗೋಡೆಗಳ ನಡುವೆ ನೀರು ಇರುತ್ತದೆ. ಬೆಂಕಿ ನೀರಿಗೆ, ನೀರಿನ ಬಿಸಿ ಹಾಲಿಗೆ. ಹಾಲು ಉಕ್ಕಿ ಚೆಲ್ಲುವುದಿಲ್ಲ, ತಳ ಹತ್ತುವುದಿಲ್ಲ. ವಯಸ್ಸಾದವರಿಗೆ, ಮರೆವಿನವರಿಗೆ ಒಳ್ಳೆಯದು. ಒಂದೇ ಮಾತು: ಸೀಟಿ ಹೊಡೆಯುವುದು ನೀರು ಕುದಿದಾಗ. ಹಾಲು ಆಗ ಇನ್ನೂ ಹಿಂದಿರುತ್ತದೆ. ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ ಐದಾರು ನಿಮಿಷ ಬಿಡಬೇಕು, ನಡುವೆ ಒಂದು ಸಲ ತಿರುವಬೇಕು. ಮೇಲಿನ ಮನೆಯ ಅಜ್ಜಿ ಸೀಟಿಗೇ ಆಫ್ ಮಾಡುತ್ತಿದ್ದರು, ಈಗ ಒಂದು ಜಪಮಾಲೆ ಮುಗಿಯುವವರೆಗೆ ಬಿಡುತ್ತಾರೆ. ಸಾಮಾನ್ಯ ಪ್ರೆಶರ್ ಕುಕ್ಕರಿನಲ್ಲಿ ಹಾಲು ಹಾಕಿ ಮುಚ್ಚಬೇಡಿ, ನೊರೆ ಹೋಗಿ ಸೀಟಿಯ ತೂತು ಕಟ್ಟಿಕೊಳ್ಳುತ್ತದೆ.

ಚೆನ್ನಾಗಿ ಕುದಿಸುವುದು, ಮತ್ತು ಆರಿಸುವುದು

ನಾನು ಎರಡು ಲೀಟರಿಗೆ ಮಾಡುವ ರೀತಿ ಇದು. ದಪ್ಪ ತಳದ ಅಗಲ ಬೋಗುಣಿ, ಮೂರು ಲೀಟರಿಗಿಂತ ಮೇಲೆ ಹಿಡಿಯುವಂಥದ್ದು. ಒಳಗೆ ಸ್ವಲ್ಪ ನೀರಾಡಿಸಿ ಚೆಲ್ಲಿ, ಆಮೇಲೆ ಹಾಲು ಹಾಕಿದರೆ ತಳ ಕಡಿಮೆ ಹತ್ತುತ್ತದೆ. ನಡುವಿನ ಉರಿ. ಸೌಟನ್ನು ಮೊದಲಿನಿಂದ ಹಾಲಿನಲ್ಲೇ ಬಿಟ್ಟು, ಆಗಾಗ ತಳ ಕೆರೆಯುವಂತೆ ತಿರುವುತ್ತೇನೆ. ಉಕ್ಕು ಬಂದಾಗ ಉರಿ ಸಣ್ಣ ಮಾಡಿ ನೊರೆ ಇಳಿಸುತ್ತೇನೆ. ನಂತರ ಅಂಚಿನಲ್ಲಷ್ಟೇ ಅಲ್ಲ, ನಡುವಿನಲ್ಲೂ ಗುಳ್ಳೆ ಏಳುತ್ತಿರಬೇಕು. ಹಾಗೆ ಎರಡರಿಂದ ಮೂರು ನಿಮಿಷ, ತಿರುವುತ್ತಾ. ಅಷ್ಟೇ. ಹತ್ತು ಹದಿನೈದು ನಿಮಿಷ ಕುದಿಸಿದರೆ ಇನ್ನೂ ಒಳ್ಳೆಯದು ಅಂತ ಕೆಲವರು ತಿಳಿದಿದ್ದಾರೆ. ಅದರಿಂದ ಹಾಲು ಗಟ್ಟಿ ಆಗುತ್ತದೆ, ಬಿ ಗುಂಪಿನ ಕೆಲವು ವಿಟಮಿನ್ ಇನ್ನಷ್ಟು ಹೋಗುತ್ತದೆ, ಬೇರೆ ಲಾಭವಿಲ್ಲ. ಕ್ಯಾಲ್ಸಿಯಂ, ಪ್ರೋಟೀನ್ ಎಲ್ಲೂ ಹೋಗುವುದಿಲ್ಲ.

ಬೀದರಿನಲ್ಲಿರುವ ನನ್ನ ನಾದಿನಿ ಕೇಳಿದ್ದಳು, ನಮ್ಮೂರು ಎತ್ತರದಲ್ಲಿದೆ, ಬೇಗ ಕುದಿಯುತ್ತದಂತೆ, ಹೆಚ್ಚು ಹೊತ್ತು ಬೇಕಾ ಅಂತ. ಅಲ್ಲಿ ನೀರು ಸುಮಾರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ. 72 ಎಲ್ಲಿ, 98 ಎಲ್ಲಿ. ಮೂರು ನಿಮಿಷ ಧಾರಾಳ ಸಾಕು.

ಇಷ್ಟಾದರೂ ಕೆಲಸ ಅರ್ಧವೇ ಆಯಿತು. ಕುದಿಸಿದರೂ ಸಾಯದ ಕೆಲವು ಬ್ಯಾಕ್ಟೀರಿಯಾ ಇವೆ. ಅವು ಬೀಜದಂತೆ ಗಟ್ಟಿ ಕವಚದೊಳಗೆ ಮಲಗಿರುತ್ತವೆ. ಹಾಲು ಆರುತ್ತಾ ಬೆಚ್ಚಗಾದಾಗ ಎದ್ದು ಮೊಳೆಯುತ್ತವೆ. ಬೇರೆಯವೆಲ್ಲ ಸತ್ತಿರುವುದರಿಂದ ಅವಕ್ಕೆ ತಡೆಯೂ ಇಲ್ಲ. ಬೆಳಿಗ್ಗೆ ಕುದಿಸಿ, ಮಧ್ಯಾಹ್ನದವರೆಗೆ ಒಲೆ ಪಕ್ಕದಲ್ಲೇ ಮುಚ್ಚಿಟ್ಟ ಹಾಲು ಹುಳಿ ಬರದೆಯೂ ಕೆಡುವುದು ಹೀಗೆ. ಕೆಲವು ಸಲ ವಾಸನೆಯೂ ಇರುವುದಿಲ್ಲ. ಆದ್ದರಿಂದ ಬಿಸಿಯಿಂದ ತಂಪಿಗೆ ಹೋಗುವ ದಾರಿ ಬೇಗ ಮುಗಿಯಬೇಕು, ಎರಡು ತಾಸಿನೊಳಗೆ ಹಾಲು ಫ್ರಿಜ್ಜಿನಲ್ಲಿರಬೇಕು.

ಬೋಗುಣಿಯನ್ನು ಅಗಲವಾದ ಪರಾತದಲ್ಲಿ ಇಟ್ಟು, ಅರ್ಧ ಎತ್ತರದವರೆಗೆ ನೀರು ಹಾಕುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ನೀರು ಬದಲು, ಎರಡು ಮೂರು ಸಲ. ಇಲ್ಲಿ ಕಲಬುರಗಿಯದೇ ಒಂದು ತೊಂದರೆ ಇದೆ. ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಹತ್ತು ಗಂಟೆಗೆಲ್ಲ ಕೈ ಇಡಲಾರದಷ್ಟು ಬಿಸಿ. ಆ ನೀರಿನಲ್ಲಿ ಹಾಲು ಆರಿದರೂ ಮೈಬಿಸಿಗೇ ನಿಲ್ಲುತ್ತದೆ, ಅಂದರೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ನಾನು ರಾತ್ರಿಯೇ ಒಂದು ಬಕೆಟ್ ನೀರು ಅಡುಗೆಮನೆಯ ನೆಲದ ಮೇಲೆ ಹಿಡಿದಿಡುತ್ತೇನೆ. ಕೊನೆಯ ಸಲಕ್ಕೆ ಮಣ್ಣಿನ ಗಡಿಗೆಯ ನೀರು. ಮುಕ್ಕಾಲು ತಾಸಿಗೆ ಬೋಗುಣಿ ಕೈಗೆ ಬೆಚ್ಚಗೂ ಇರುವುದಿಲ್ಲ.

ಆರುವಾಗ ಬಿಗಿ ಮುಚ್ಚಳ ಬೇಡ, ಜಾಲರಿ ತಟ್ಟೆ ಸಾಕು. ಕೆನೆ ದಪ್ಪ ಬೇಕೆನ್ನುವವರಿಗೆ ಇದು ಸ್ವಲ್ಪ ಬೇಸರ, ಬೇಗ ಆರಿದ ಹಾಲಿಗೆ ಕೆನೆ ತೆಳ್ಳಗೆ ಕಟ್ಟುತ್ತದೆ. ಫ್ರಿಜ್ಜಿನಲ್ಲಿ ರಾತ್ರಿ ಕಳೆದರೆ ಎಮ್ಮೆ ಹಾಲಿಗೆ ಹೇಗೂ ರೊಟ್ಟಿಯಂಥ ಕೆನೆ ಬರುತ್ತದೆ, ತುಪ್ಪಕ್ಕೆ ಅದೇ ಸಾಕು.

ಕುದಿಸಿದ ಹಾಲನ್ನು ಪಾತ್ರೆ ಬದಲಿಸದೆ ಅದೇ ಬೋಗುಣಿಯಲ್ಲಿ ಇಡಿ. ಗೌಳಿಯಿಂದ ಹಾಕಿಸಿಕೊಂಡ ಪಾತ್ರೆಗೆ, ತೊಳೆಯದೆ, ಕುದಿಸಿದ ಹಾಲನ್ನು ವಾಪಸ್ ಸುರಿಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಹಸಿ ಹಾಲಿನ ನಾಲ್ಕು ಹನಿ ಅಲ್ಲಿ ಇದ್ದರೆ ಮಾಡಿದ್ದೆಲ್ಲ ನೀರುಪಾಲು. ನಿನ್ನೆಯ ಹಾಲಿಗೆ ಇವತ್ತಿನದನ್ನು ಬೆರೆಸುವುದೂ ಬೇಡ. ಹೀಗೆ ಇಟ್ಟ ಹಾಲನ್ನು ನಾನು ಎರಡು ದಿನದೊಳಗೆ ಮುಗಿಸುತ್ತೇನೆ, ಬೇಕಾದಷ್ಟನ್ನೇ ಬೇರೆ ತೆಗೆದು ಬಿಸಿ ಮಾಡುತ್ತೇನೆ.

ಪ್ಯಾಕೆಟ್ ಹಾಲಿಗೆ ಹೋಲಿಸಿದರೆ

ಹಾಗಾದರೆ ಈ ರಗಳೆ ಬಿಟ್ಟು ಪ್ಯಾಕೆಟ್ ತಂದರಾಗದೇ? ಆಗುತ್ತದೆ. ಪ್ಯಾಕೆಟ್ ಹಾಲು ಪಾಶ್ಚರೀಕರಣ ಆಗಿಯೇ ಬಂದಿರುತ್ತದೆ. ಅಂಗಡಿಯಲ್ಲಿ ಅದು ತಣ್ಣಗೇ ಇದ್ದು, ನಿಮ್ಮ ಕೈಗೂ ತಣ್ಣಗೇ ಬಂದರೆ ಕುದಿಸುವ ಅಗತ್ಯವೇ ಇಲ್ಲ. ಆದರೆ ಮೇ ತಿಂಗಳಲ್ಲಿ ಅಂಗಡಿಯ ಮುಂದೆ ಕ್ರೇಟಿನಲ್ಲಿ ಒಂಬತ್ತರವರೆಗೆ ಕೂತ ಪ್ಯಾಕೆಟ್ ಆದರೆ ನಾನು ಕುದಿಸಿಯೇ ಇಡುತ್ತೇನೆ. ಉದ್ದ ಬಾಳಿಕೆಯ ಡಬ್ಬಿ ಹಾಲು ಡಬ್ಬಿ ತೆರೆಯುವವರೆಗೆ ಹೊರಗೇ ಇರಬಹುದು, ತೆರೆದ ಮೇಲೆ ಅದೂ ಮಾಮೂಲಿ ಹಾಲೇ. ಮನೆಯಲ್ಲಿ ಇಬ್ಬರೇ ಇದ್ದು, ಇಬ್ಬರೂ ಎಂಟಕ್ಕೆ ಕೆಲಸಕ್ಕೆ ಓಡುವವರಾದರೆ ಪ್ಯಾಕೆಟ್ ತೊಗೊಳ್ಳಿ, ಸುಮ್ನೆ ಅರ್ಧಂಬರ್ಧ ಕಾಯಿಸುವುದಕ್ಕಿಂತ ಅದೇ ವಾಸಿ. ಕೆನೆ, ಬೆಣ್ಣೆ, ಗಟ್ಟಿ ಮೊಸರು ಬೇಕು, ಬೆಳಿಗ್ಗೆ ಒಂದು ತಾಸು ಅಡುಗೆಮನೆಯಲ್ಲಿ ಇರುತ್ತೀರಿ ಅಂದರೆ ಗೌಳಿಯ ಹಾಲಿಗೆ ಸಾಟಿಯಿಲ್ಲ.

ಕುದಿಸಿದರೂ ಹೋಗದ್ದು

ಕೆಚ್ಚಲು ಬಾವಿನ ಎಮ್ಮೆಯ ಹಾಲಿನಲ್ಲಿ, ಅಥವಾ ಕೈಗೆ ಕೀವಿನ ಗಾಯ ಇದ್ದವರು ಕರೆದ ಹಾಲಿನಲ್ಲಿ ಸ್ಟೆಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಹಾಲು ಬಹಳ ಹೊತ್ತು ಬೆಚ್ಚಗೆ ಇದ್ದರೆ ಅದು ವಿಷ ಬಿಡುತ್ತದೆ. ಕುದಿಸಿದರೆ ಅದು ಸಾಯುತ್ತದೆ, ವಿಷ ಉಳಿಯುತ್ತದೆ. ಕುಡಿದ ಕೆಲವೇ ತಾಸಿಗೆ ವಾಂತಿ ಶುರು. ಅದಕ್ಕೇ ಹಳೇ ಹಾಲನ್ನು ಕುದಿಸಿ ಸರಿ ಮಾಡಿದೆ ಅನ್ನುವುದು ಸುಳ್ಳು ಧೈರ್ಯ. ಎಮ್ಮೆಗೆ ಕೊಟ್ಟ ಔಷಧಿಯ ಉಳಿಕೆ, ಬೂಷ್ಟು ಹಿಡಿದ ಹಿಂಡಿಯಿಂದ ಬರುವ ವಿಷ, ಬೆರೆಸಿದ ನೀರು ಇವೂ ಕುದಿಯಿಂದ ಹೋಗುವುದಿಲ್ಲ. ಹಾಲು ಒಡೆಯಲಿಲ್ಲ ಅಂದ ಮಾತ್ರಕ್ಕೆ ತಾಜಾ ಅಂತಲೂ ಅಲ್ಲ, ಹುಳಿ ಮುಚ್ಚಲು ಅಡುಗೆ ಸೋಡಾ ಹಾಕುವವರು ಇರುತ್ತಾರೆ.

ಇನ್ನು ನೊರೆಹಾಲು. ಕರೆದ ಕೂಡಲೇ ಹಸಿಯಾಗಿ ಕುಡಿಸಿದರೆ ಮಕ್ಕಳಿಗೆ ಶಕ್ತಿ ಅಂತ ನಮ್ಮ ಅತ್ತೆಯವರೂ ನಂಬಿದ್ದರು. ಇಂಥ ಹಾಲಿನಿಂದ ಬ್ರುಸೆಲ್ಲಾ ಬರಬಹುದು. ಜ್ವರ ಬಂದು ಹೋಗಿ ಮಾಡುತ್ತದೆ, ರಾತ್ರಿ ಬೆವರು, ಕೀಲು ಸೊಂಟ ನೋವು, ವಾರಗಟ್ಟಲೆ. ಮನೆಯಲ್ಲಿ ಯಾರಿಗಾದರೂ ಹೀಗೆ ಆದರೆ ಹಸಿ ಹಾಲು ಕುಡಿದದ್ದನ್ನು, ದನ ಎಮ್ಮೆಗಳ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ನೀವೇ ಬಾಯಿ ಬಿಟ್ಟು ಹೇಳಬೇಕು. ಅವರಿಗೆ ಯಾವ ರಕ್ತ ಪರೀಕ್ಷೆ ಬರೆಯಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಅನುಮಾನ ಬಂದ ದಿನ

ಗೌಳಿ ಒಂದು ತಾಸು ತಡವಾಗಿ ಬಂದರೆ ನಾನು ಇಡೀ ಹಾಲನ್ನು ಒಲೆಗಿಡುವುದಿಲ್ಲ. ಸಣ್ಣ ಸ್ಟೀಲ್ ಲೋಟದಲ್ಲಿ ಎರಡು ಚಮಚ ಹಾಲು ಹಾಕಿ, ಕುದಿಯುವ ನೀರಿನಲ್ಲಿ ಐದು ನಿಮಿಷ ನಿಲ್ಲಿಸುತ್ತೇನೆ. ಲೋಟ ಓರೆ ಮಾಡಿದಾಗ ಗೋಡೆಗೆ ಸಣ್ಣ ಕಾಳು ಅಂಟಿದ್ದರೆ ಹಾಲು ಆಗಲೇ ಹುಳಿ ಹಿಡಿದಿದೆ ಅಂತ. ಡೈರಿಯಲ್ಲೂ ಇದೇ ಪರೀಕ್ಷೆ, ಅಲ್ಲಿ ಲೋಟದ ಬದಲು ಗಾಜಿನ ಕೊಳವೆ. ಅಂಥ ಹಾಲನ್ನು ನಾನು ಗೌಳಿಗೆ ತೋರಿಸಿ ವಾಪಸ್ ಕೊಟ್ಟಿದ್ದೇನೆ. ಮೊದಲ ಸಲ ಮುಖ ಸಣ್ಣ ಮಾಡಿದ, ಮರುದಿನ ನಮ್ಮ ಓಣಿಗೇ ಮೊದಲು ಬಂದ.

ಕುದಿಸಿ ಫ್ರಿಜ್ಜಿನಲ್ಲಿಟ್ಟ ಹಾಲಿದ್ದಾಗ ಕರೆಂಟ್ ಹೋದರೆ ಬಾಗಿಲು ತೆಗೆಯದೆ ನಾಲ್ಕು ತಾಸು ಕಾಯಬಹುದು. ಅದಕ್ಕಿಂತ ಜಾಸ್ತಿ ಆಗುವ ಹಾಗಿದ್ದರೆ ಹಾಲು ತಂಪಿರುವಾಗಲೇ ತೆಗೆದು ಮತ್ತೊಮ್ಮೆ ಕುದಿಸುತ್ತೇನೆ, ಉಗುರು ಬೆಚ್ಚಗಾದ ಮೇಲೆ ಹೆಪ್ಪು ಹಾಕುತ್ತೇನೆ. ಬೇಸಿಗೆಯಲ್ಲಿ ನಾಲ್ಕು ತಾಸಿಗೆ ಮೊಸರಾಗುತ್ತದೆ. ಫ್ರಿಜ್ಜೇ ಇಲ್ಲದ ನಮ್ಮ ತವರುಮನೆಯಲ್ಲಿ ಅವ್ವ ದಿನಾ ಮಾಡುತ್ತಿದ್ದದ್ದೂ ಅದೇ: ಬೆಳಿಗ್ಗೆ ಬಂದ ಹಾಲು ಕುದಿಸಿ ಚಹಾಕ್ಕಷ್ಟು ಉಳಿಸಿ, ಮಿಕ್ಕಿದ್ದನ್ನು ಹತ್ತು ಗಂಟೆಯೊಳಗೆ ಹೆಪ್ಪಿಗೆ ಹಾಕಿಬಿಡುತ್ತಿದ್ದಳು.